ನೊರೆಯಾ, ಮಾತ್ರೆಯಾ? ಪಿಸಿಒಎಸ್ ಕೂದಲಿಗೆ ನಾನು ಮತ್ತು ಅಕ್ಕ ಹಿಡಿದ ಎರಡು ದಾರಿ

ಬೈತಲೆ ಅಗಲ ಆಗುತ್ತಿದೆ ಅಂತ ಮೊದಲು ಕಂಡದ್ದು ಅಮ್ಮನಿಗೆ. ಒಂದು ಮದುವೆಗೆ ಹೊರಟಾಗ ಮಲ್ಲಿಗೆ ಮುಡಿಸುತ್ತಾ, "ಎಂತದ್ದು ಇದು, ನೆತ್ತಿವರೆಗೆ ಚರ್ಮ ಕಾಣ್ತದಲ್ಲ" ಎಂದರು. ನನಗೆ ಆಗ 26. ಗಲ್ಲದ ತುಂಬ ಮೊಡವೆ. ಮುಟ್ಟು 45 ದಿನಕ್ಕೊಮ್ಮೆ, ಕೆಲವು ಸಲ ಎರಡು ತಿಂಗಳು ಕಳೆದ ಮೇಲೆ. ಮೂರೂ ಬೇರೆ ಬೇರೆ ತೊಂದರೆ ಅಂತ ನಾನು ಅಂದುಕೊಂಡಿದ್ದೆ. ಮೊಡವೆಗೆ ಕ್ರೀಮು ಹಚ್ಚುತ್ತಿದ್ದೆ, ಕೂದಲಿಗೆ ಬೋರ್‌ವೆಲ್ ನೀರನ್ನು ಬೈಯುತ್ತಿದ್ದೆ, ಮುಟ್ಟಿನ ಬಗ್ಗೆ ಸುಮ್ನೆ ಇದ್ದೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಚಿಕ್ಕಮ್ಮನ ಮಗಳು ಪೆರ್ಲದಲ್ಲಿ ಇದ್ದಾಳೆ, ನನಗಿಂತ ಮೂರು ವರ್ಷ ದೊಡ್ಡವಳು. ಅವಳದ್ದೂ ಇದೇ ಕಥೆ. ಇಬ್ಬರೂ ಒಟ್ಟಿಗೆ ಮಂಗಳೂರಿಗೆ ಹೋಗಿ ತೋರಿಸಿದೆವು. ಇಬ್ಬರಿಗೂ ಪಿಸಿಒಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು, ಮೊಡವೆ, ಕೂದಲು ಮೂರನ್ನೂ ಕೆಡಿಸುವ ತೊಂದರೆ. ಡಾಕ್ಟ್ರು ಎರಡು ದಾರಿ ಹೇಳಿದರು, ಬೇಕಾದರೆ ಎರಡನ್ನೂ ಒಟ್ಟಿಗೆ ಮಾಡಬಹುದು ಎಂದರು. ನನಗೆ ಹಾರ್ಮೋನ್ ಮಾತ್ರೆ ಅಂದರೆ ಹೆದರಿಕೆ, ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಆರಿಸಿಕೊಂಡೆ. ಅಕ್ಕನಿಗೆ ದಿನಾ ತಲೆಗೆ ಏನಾದರೂ ಹಚ್ಚುವುದೆಂದರೆ ಆಗದು, ಅವಳು ಮಾತ್ರೆ ಹಿಡಿದಳು. ವಿಷು ಕಳೆದ ವಾರ ಇಬ್ಬರೂ ಶುರು ಮಾಡಿದೆವು.

ಹೋಲಿಕೆಗೆ ಮೊದಲು ಕೂದಲಿನ ಲೆಕ್ಕ ಸ್ವಲ್ಪ ತಿಳಿದಿರಬೇಕು. ಇಲ್ಲದಿದ್ದರೆ ಎರಡೂ ದಾರಿ ಸೋತ ಹಾಗೆ ಕಾಣುತ್ತದೆ. ತಲೆಯ ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಬುಡ ಕುಗ್ಗಿ ಬೆಳವಣಿಗೆ ನಿಲ್ಲುತ್ತದೆ. ಮತ್ತೆ ಸುಮಾರು ಮೂರು ತಿಂಗಳು ಹಾಗೇ ಕೂತಿದ್ದು ಉದುರುತ್ತದೆ, ಅದೇ ಜಾಗದಲ್ಲಿ ಹೊಸತು ಹೊರಡುತ್ತದೆ. ಅಂದರೆ ಇವತ್ತು ಬಾಚಣಿಗೆಗೆ ಬಂದ ಕೂದಲು ಬೆಳೆಯುವುದನ್ನು ನಿಲ್ಲಿಸಿದ್ದು ಮೂರು ತಿಂಗಳ ಹಿಂದೆ.

ಪಿಸಿಒಎಸ್‌ನಲ್ಲಿ ಆಗುವುದು ಇಷ್ಟು. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದರೆ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ. ಆ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಲಿವರಿನಿಂದ ಕಡಿಮೆ ಬರುತ್ತದೆ. ಹಿಡಿತ ತಪ್ಪಿದ ಹಾರ್ಮೋನು ನೆತ್ತಿಯ ಬುಡಗಳಿಗೆ ತಾಗಿದಾಗ ಬೆಳೆಯುವ ಕಾಲ ಮೊಟಕಾಗುತ್ತದೆ. ಪ್ರತಿ ಸುತ್ತಿನಲ್ಲೂ ಬರುವ ಹೊಸ ಕೂದಲು ಹಿಂದಿನದಕ್ಕಿಂತ ಸಪೂರ. ಕೊನೆಗೆ ನೆತ್ತಿಯಲ್ಲಿ ಉಳಿಯುವುದು ಮಗುವಿನ ತಲೆಯಲ್ಲಿರುವಂಥ ನಯ ಕೂದಲು. ಅದೇ ಹಾರ್ಮೋನು ಗಲ್ಲದಲ್ಲಿ ಮಾತ್ರ ನಯ ಕೂದಲನ್ನು ದಪ್ಪ ಮಾಡುತ್ತದೆ. ಅನ್ಯಾಯ ಅಲ್ವಾ?

ನನ್ನ ರಿಪೋರ್ಟಿನಲ್ಲಿ ಟೆಸ್ಟೊಸ್ಟೆರೋನ್ ನಾರ್ಮಲ್ ಅಂತಲೇ ಇತ್ತು. ಲ್ಯಾಬಿನವರು ಎಲ್ಲಾ ಸರಿ ಇದೆ ಎಂದರು. ಆದರೆ ಎಸ್‌ಎಚ್‌ಬಿಜಿ ತೀರಾ ಕೆಳಗಿತ್ತು, ಹಾಗಾಗಿ ಒಟ್ಟು ಲೆಕ್ಕ ಸರಿಯಿದ್ದರೂ ಬಿಡಿಯಾಗಿ ಓಡಾಡುವ ಹಾರ್ಮೋನು ಜಾಸ್ತಿ. ಇನ್ನೊಂದು ಎಡವಟ್ಟು ನನ್ನದೇ. ಕೂದಲಿಗೆಂದು ತಿಂಗಳುಗಟ್ಟಲೆ ಬಯೋಟಿನ್ ಮಾತ್ರೆ ತಿನ್ನುತ್ತಿದ್ದೆ. ಅದು ಥೈರಾಯ್ಡ್ ಟೆಸ್ಟನ್ನೇ ತಪ್ಪು ತೋರಿಸಬಹುದಂತೆ. ಕೆಲವು ದಿನ ನಿಲ್ಲಿಸಿ ಮತ್ತೆ ರಕ್ತ ಕೊಡಬೇಕಾಯಿತು.

ಗೊಂಪಿನ ಬಗ್ಗೆ ಒಂದು ಮಾತು. ಇಲ್ಲಿ ಕೂದಲು ಅಂದ ಕೂಡಲೇ ದಾಸವಾಳದ ಸೊಪ್ಪಿನ ಗೊಂಪು ಮತ್ತು ತೆಂಗಿನೆಣ್ಣೆ ಬರುತ್ತದೆ. ಮಂಗಳೂರಿಗೆ ಹೋಗುವ ಮೊದಲು ನಾಲ್ಕು ತಿಂಗಳು ಅದನ್ನೇ ಮಾಡಿದ್ದೆ. ಎಣ್ಣೆಯಿಂದ ಕೂದಲು ತುಂಡಾಗುವುದು ಕಡಿಮೆಯಾಯಿತು, ಅದು ನಿಜ. ಆದರೆ ಬೈತಲೆ ಒಂದು ಎಳೆಯಷ್ಟೂ ಕಿರಿದಾಗಲಿಲ್ಲ. ಹೊರಬಂದ ಕೂದಲನ್ನು ಎಣ್ಣೆ ಕಾಪಾಡುತ್ತದೆ, ಬುಡಕ್ಕೆ ತಾಗಿದ ಹಾರ್ಮೋನಿಗೆ ಅದರಿಂದ ಏನೂ ಆಗದು. ರಾತ್ರಿಯಿಡೀ ಎಣ್ಣೆ ಇಟ್ಟು ಮಲಗಿದ್ದಕ್ಕೆ ಹಣೆಯಲ್ಲೂ ಮೊಡವೆ ಎದ್ದದ್ದು ಬೇರೆ.

ಈಗ ನನ್ನ ನೊರೆ. 5% ಮಿನಾಕ್ಸಿಡಿಲ್, ದಿನಕ್ಕೊಮ್ಮೆ, ಡಬ್ಬದ ಮುಚ್ಚಳದ ಅರ್ಧದಷ್ಟು. ಮೊದಲು ನೀರಿನಂಥ ದ್ರಾವಣ ತಂದಿದ್ದೆ. ಮೆಡಿಕಲ್ಲಿನ ಹುಡುಗ ಮಲಯಾಳದಲ್ಲಿ "ಮುಡಿಕ್ಕುಳ್ಳದಾಣೋ?", ಅಂದರೆ ಕೂದಲಿಗಾ ಎಂದು ಕೇಳಿ ಕೊಟ್ಟಿದ್ದ. ಎರಡು ವಾರದಲ್ಲಿ ತಲೆ ತುರಿಕೆ, ಹೊಟ್ಟು. ಅದರಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕೆಲವರಿಗೆ ಆಗುವುದಿಲ್ಲವಂತೆ. ನೊರೆಯಲ್ಲಿ ಅದಿಲ್ಲ. ಆದರೆ ನಮ್ಮ ಬೇಸಗೆಯ ಸೆಕೆಯಲ್ಲಿ ನೊರೆ ಅಂಗೈಗೆ ಬಿದ್ದ ಕೂಡಲೇ ಕರಗಿ ನೀರು. ಬೆರಳನ್ನು ಬಾವಿಯ ತಣ್ಣೀರಿನಲ್ಲಿ ಅದ್ದಿ ಒರೆಸಿ, ಡಬ್ಬ ತಲೆಕೆಳಗೆ ಹಿಡಿದು, ಚೂರು ಚೂರು ತೆಗೆದು ಬೈತಲೆಯ ಚರ್ಮಕ್ಕೆ ಒತ್ತುವುದು ಅಂತ ಕಲಿತೆ. ಕೂದಲಿಗೆ ಹಚ್ಚಿದರೆ ದಂಡ, ಚರ್ಮಕ್ಕೇ ತಾಗಬೇಕು. ಮಲಗುವ ಎರಡು ಗಂಟೆ ಮೊದಲು ಹಚ್ಚಿ ಒಣಗಲು ಬಿಡಬೇಕು. ನಾನು ಹಸಿ ತಲೆಯಲ್ಲೇ ಮಲಗಿ, ತಲೆದಿಂಬಿನಿಂದ ಕೆನ್ನೆಗೆ ತಾಗಿ, ಕಿವಿಯ ಮುಂದೆ ನಯ ಕೂದಲು ಬಂತು. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಜಾಗ್ರತೆ. ಈ ಔಷಧಿ ಬೆಕ್ಕಿನ ಪ್ರಾಣವನ್ನೇ ತೆಗೆಯಬಹುದು. ನಮ್ಮ ಬೆಕ್ಕಿಗೆ ಅಂದಿನಿಂದ ನನ್ನ ಕೋಣೆ ಬಂದ್.

ನಾಲ್ಕನೇ ವಾರಕ್ಕೆ ಕೂದಲು ಉದುರುವುದು ದುಪ್ಪಟ್ಟಾಯಿತು. ಬಚ್ಚಲಿನ ಜಾಲರಿಯಲ್ಲಿ ಒಂದು ಉಂಡೆ ನೋಡಿ ನಾನು ಅತ್ತಿದ್ದೇನೆ. ಮಿನಾಕ್ಸಿಡಿಲ್ ಸುಮ್ಮನೆ ಕೂತಿದ್ದ ಬುಡಗಳನ್ನು ಎಬ್ಬಿಸುತ್ತದೆ, ಹೊಸ ಕೂದಲು ಹೊರಡುವಾಗ ಹಳೆಯದನ್ನು ತಳ್ಳುತ್ತದೆ. ಹಾಗಾಗಿ ಶುರುವಿನ ಕೆಲವು ವಾರ ಉದುರುವುದು ಔಷಧಿ ಕೆಲಸ ಮಾಡುತ್ತಿರುವ ಗುರುತು. ಇಲ್ಲೇ ಹೆದರಿ ಬಿಡುವವರು ಜಾಸ್ತಿ. ನನಗೆ ಎಂಟನೇ ವಾರಕ್ಕೆ ನಿಂತಿತು. ನಾಲ್ಕನೇ ತಿಂಗಳಲ್ಲಿ ಬೈತಲೆಯ ಅಂಚಿನಲ್ಲಿ ಒಂದು ಇಂಚಿನ ಕೂದಲು ಸೆಟೆದು ನಿಂತಿತ್ತು. ಆರನೇ ತಿಂಗಳ ಫೋಟೋದಲ್ಲಿ ವ್ಯತ್ಯಾಸ ಸ್ಪಷ್ಟ.

ಆದರೆ ಗಲ್ಲದ ಮೊಡವೆ ಹಾಗೇ. ಮುಟ್ಟು ಆಗಲೂ 52 ದಿನಕ್ಕೆ. ಆಗಬೇಕಾದ್ದೂ ಹಾಗೆಯೇ, ಮಿನಾಕ್ಸಿಡಿಲ್‌ಗೂ ಹಾರ್ಮೋನಿಗೂ ಸಂಬಂಧ ಇಲ್ಲ.

ಅಕ್ಕನದ್ದು ಸರೀ ಉಲ್ಟಾ. ಅವಳಿಗೆ ಡ್ರೋಸ್ಪೈರಿನೋನ್ ಇರುವ ಗರ್ಭನಿರೋಧಕ ಮಾತ್ರೆ, ಜೊತೆಗೆ ಸ್ಪೈರೊನೊಲ್ಯಾಕ್ಟೋನ್ 50 ಮಿಲಿಗ್ರಾಂ, ಆಮೇಲೆ 100. ಮೊದಲನೆಯದು ಅಂಡಾಶಯದ ಕೆಲಸವನ್ನು ತಗ್ಗಿಸಿ ಎಸ್‌ಎಚ್‌ಬಿಜಿಯನ್ನು ಏರಿಸುತ್ತದೆ. ಎರಡನೆಯದು ಉಳಿದ ಹಾರ್ಮೋನು ಬುಡಕ್ಕೆ ತಾಗದಂತೆ ತಡೆಯುತ್ತದೆ. ಇವನ್ನು ಕೊಡುವ ಮೊದಲು ಡಾಕ್ಟ್ರು ಬಿಪಿ ನೋಡಿದರು. ಕಣ್ಣೆದುರು ಮಿಂಚಿನ ಗೆರೆ ಬರುವ ಮೈಗ್ರೇನ್ ಉಂಟಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ ಅಂತ ಕೇಳಿದರು. ಅದು ಇದ್ದವರಿಗೆ ಈ ಗರ್ಭನಿರೋಧಕ ಮಾತ್ರೆ ಆಗದು. ಎರಡು ಮಾತ್ರೆಯೂ ಪೊಟ್ಯಾಸಿಯಂ ಏರಿಸಬಹುದು ಅಂತ ರಕ್ತವನ್ನೂ ಪರೀಕ್ಷಿಸಿದರು. ಎಳನೀರಿನಲ್ಲೂ ಅದು ಜಾಸ್ತಿ, ದಿನಕ್ಕೆ ಎರಡು ಬೊಂಡ ಕುಡಿಯುವ ಅಭ್ಯಾಸ ಬಿಡು ಎಂದರು. ತೋಟದ ಮನೆಯವಳಿಗೆ ಮಾತ್ರೆಗಿಂತ ಅದೇ ದೊಡ್ಡ ಶಿಕ್ಷೆ.

ಶುರುವಿನಲ್ಲಿ ಅವಳಿಗೆ ತಲೆ ತಿರುಗುತ್ತಿತ್ತು, ರಾತ್ರಿ ಎರಡೆರಡು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಬೆಳಿಗ್ಗೆ ತಿಂಡಿಯ ಜೊತೆ ತೆಗೆದುಕೊಂಡ ಮೇಲೆ ತಗ್ಗಿತು. ಮುಟ್ಟು ಮೊದಲ ತಿಂಗಳಿನಿಂದಲೇ ತಾರೀಕು ತಪ್ಪದೆ ಬಂತು. ಅದು ಮಾತ್ರೆಯಿಂದ ಬರುವ ರಕ್ತ, ಪಿಸಿಒಎಸ್ ಗುಣವಾದದ್ದಲ್ಲ ಅಂತ ಡಾಕ್ಟ್ರು ಮೊದಲೇ ಹೇಳಿದ್ದರು. ಮೂರನೇ ತಿಂಗಳಿಗೆ ಗಲ್ಲ ಸ್ವಚ್ಛ. ದಿನಾ ತೊಳೆಯಬೇಕಿದ್ದ ಜಿಡ್ಡು ತಲೆಯನ್ನು ಮೂರು ದಿನಕ್ಕೊಮ್ಮೆ ತೊಳೆದರೆ ಸಾಕಾಯಿತು.

ಕೂದಲು ಮಾತ್ರ ಆರು ತಿಂಗಳವರೆಗೆ ಏನೂ ಇಲ್ಲ. ಅವಳು ಫೋನಿನಲ್ಲಿ, "ನಿಂದು ಹುಟ್ಟಿ ಆಯ್ತು, ನಂದು ಇನ್ನೂ ಉದುರ್ತಾ ಉಂಟು" ಎಂದು ಸಿಟ್ಟಾಗುತ್ತಿದ್ದಳು. ಮೊಡವೆಯ ಎಣ್ಣೆ ಗ್ರಂಥಿಗಳು ಬೇಗ ಬದಲಾಗುತ್ತವೆ, ಕೂದಲಿನ ಸುತ್ತು ನಿಧಾನ. ಹಾರ್ಮೋನು ಇಳಿದರೂ ಮೊದಲೇ ಬೆಳೆಯುವುದು ನಿಲ್ಲಿಸಿದ ಕೂದಲು ಉದುರಿಯೇ ಉದುರುತ್ತದೆ. ಎಂಟನೇ ತಿಂಗಳಿಗೆ ಉದುರುವುದು ತಗ್ಗಿತು. ವರ್ಷವಾಗುವಾಗ ಬೈತಲೆ ಸ್ವಲ್ಪ ಕಿರಿದು, ನನ್ನಷ್ಟಲ್ಲ.

ಅಳೆದದ್ದು ಹೇಗೆ ಅಂತ ಹೇಳಬೇಕು. ಪ್ರತಿ ತಿಂಗಳು 5ನೇ ತಾರೀಕು, ತಲೆ ತೊಳೆದ ಮರುದಿನ, ಅದೇ ಕಿಟಕಿಯ ಪಕ್ಕ, ನಡುಬೈತಲೆ ತೆಗೆದು ಮೇಲಿನಿಂದ ಫೋಟೋ. ಉದುರಿದ ಕೂದಲು ಎಣಿಸುವುದನ್ನು ನಾನು ಒಂದೇ ವಾರಕ್ಕೆ ಬಿಟ್ಟೆ. ದಿನಕ್ಕೆ 50ರಿಂದ 100 ಎಲ್ಲರಿಗೂ ಹೋಗುತ್ತದೆ, ತೊಳೆದ ದಿನ ಜಾಸ್ತಿ. ಎಣಿಸಿದರೆ ಹುಚ್ಚು ಹಿಡಿಯುವುದು ಮಾತ್ರ. ಮತ್ತೆ, ಈ ಹೋಲಿಕೆ ಪೂರ್ತಿ ಸಮ ಅಲ್ಲ. ನನಗೆ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕಡಿಮೆ ಇತ್ತು, ಮೂರು ತಿಂಗಳು ಕಬ್ಬಿಣದ ಮಾತ್ರೆಯನ್ನೂ ತಿಂದಿದ್ದೆ. ನನ್ನ ಹೊಸ ಕೂದಲಿನಲ್ಲಿ ಅದರ ಪಾಲೂ ಇರಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಕನ್ನಡಿಯಲ್ಲಿ ಬೇಗ ಕಾಣುವುದು ನೊರೆಯದ್ದು. ಆದರೆ ಬ್ರೇಕ್ ಹಿಡಿದ ಸೈಕಲನ್ನು ಹಿಂದಿನಿಂದ ನೂಕಿದ ಹಾಗೆ ಅದು, ನೂಕುವುದು ನಿಲ್ಲಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಬಂದದ್ದು ಹೋಗುತ್ತದೆ. ಬ್ರೇಕು ಬಿಡಿಸುವುದು ಮಾತ್ರೆ. ಮೊಡವೆ, ಮುಟ್ಟು, ಕೂದಲು ಮೂರೂ ಇರುವವರಿಗೆ ನೊರೆ ಒಂದೇ ಸಾಲದು ಅಂತ ನನಗೆ ಅನುಭವದಲ್ಲಿ ಗೊತ್ತಾಯಿತು. ಏಳನೇ ತಿಂಗಳಿಂದ ನಾನೂ ಹೆದರಿಕೆ ಬಿಟ್ಟು ಮಾತ್ರೆ ಸೇರಿಸಿದೆ. ಈಗ ಎರಡೂ ನಡೆಯುತ್ತಿವೆ, ಗಲ್ಲದಲ್ಲಿ ಕಲೆ ಮಾತ್ರ ಉಳಿದಿದೆ.

ಅಕ್ಕನದ್ದು ಬೇರೆ ತಿರುವು. ಅವಳಿಗೆ ಈಗ ಮಗು ಬೇಕು. ಗರ್ಭನಿರೋಧಕ ಮಾತ್ರೆಯಂತೂ ಬಿಡಲೇಬೇಕು. ಸ್ಪೈರೊನೊಲ್ಯಾಕ್ಟೋನ್ ಇರುವಾಗ ಬಸುರಾದರೆ, ಗಂಡು ಮಗುವಾಗಿದ್ದಲ್ಲಿ ಅದರ ಜನನಾಂಗದ ಬೆಳವಣಿಗೆಗೆ ತೊಂದರೆ ಆಗಬಹುದು, ಹಾಗಾಗಿ ಅದನ್ನು ಪ್ರಯತ್ನಕ್ಕೆ ಮೊದಲೇ ನಿಲ್ಲಿಸಿದರು. ಹಾಗಾದರೆ ನಿನ್ನ ನೊರೆ ಕೊಡು ಎಂದಳು. ಬಸುರಿಯಲ್ಲಿ, ಹಾಲೂಡಿಸುವಾಗ ಅದೂ ಬೇಡ ಎಂದರು ಡಾಕ್ಟ್ರು. ಮೊನ್ನೆ ಹೋದಾಗ ಅಂಗಳದ ದಾಸವಾಳದ ಸೊಪ್ಪು ಕಿವುಚುತ್ತಾ ಕೂತಿದ್ದಳು. "ಇದಕ್ಕೆ ಯಾರೂ ಬೇಡ ಹೇಳ್ಲಿಲ್ಲ" ಎಂದಳು. 5ನೇ ತಾರೀಕಿನ ಫೋಟೋ ಈಗಲೂ ಕಳಿಸುತ್ತಾಳೆ.