‘ನಮ್ಮ ಫೋಟೊನ ಇವು, ಹಾಕ್ಕೋರಿ’ ಅಂದ ಹೋಲ್‌ಸೇಲ್‌ನವರನ್ನು ನಂಬಿ ಸೀರೆ ಲಿಸ್ಟ್ ಮಾಡಬೇಡಿ

ಇಳಕಲ್ ಸೀರೆ ಆನ್‌ಲೈನಲ್ಲಿ ಮಾರುವವರು ದಯವಿಟ್ಟು ಪೂರ್ತಿ ಓದಿ. ಹುಬ್ಬಳ್ಳಿ ಕಡೆಯ ಹೋಲ್‌ಸೇಲ್ ವ್ಯಾಪಾರಿಯೊಬ್ಬರ ವಾಟ್ಸಾಪ್ ಗ್ರೂಪಿನಿಂದ ಬಂದ 22 ಫೋಟೊಗಳನ್ನು ಹಾಕಿದ್ದಕ್ಕೆ, ಹಬ್ಬದ ಹಿಂದಿನ ವಾರ, ವ್ಯಾಪಾರ ಜೋರಾಗಿರುವ ಹೊತ್ತಿಗೆ, ‘ಫೋಟೊ ನಮ್ಮದು’ ಅಂತ ಬೇರೆಯವರ ದೂರು ಬಂದು ನಮ್ಮ ಎಲ್ಲ ಲಿಸ್ಟಿಂಗ್ ಹೋದವು. ಖಾತೆಯೂ ಸ್ತಬ್ಧ. ಸೀರೆಗಳಿಗೆ ಹಣ ಕೊಟ್ಟಾಗಿತ್ತು, ಬಿಲ್ ಇತ್ತು, ಸರಕು ಮನೆಯಲ್ಲೇ ಇತ್ತು. ಆದರೆ ಬಿಲ್ ಇದ್ದದ್ದು ಸೀರೆಗೆ. ಫೋಟೊಗಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದ್ದಕ್ಕೇ ಇಷ್ಟೆಲ್ಲ ಆಗಿದ್ದು.

ಸರಕು ತರಿಸುವ ಮೊದಲು ಕೇಳಿದ್ದೆವು, ‘ಫೋಟೊ ನಿಮ್ಮದೇನಾ, ಬಳಸಬಹುದಾ’ ಅಂತ. ಉತ್ತರ: ‘ಅಕ್ಕಾರ, ನಮ್ಮ ಫೋಟೊನ ಇವು, ಹಾಕ್ಕೋರಿ, ಎಲ್ಲಾರೂ ಇವನ್ನ ಹಾಕ್ತಾರ.’ ಅದೇ ಎರಡನೇ ಮಾತಲ್ಲೇ ಅನುಮಾನ ಬರಬೇಕಿತ್ತು. ಎಲ್ಲರೂ ಹಾಕುತ್ತಿದ್ದಾರೆ ಅಂದರೆ ಯಾರೂ ಅನುಮತಿ ತಗೊಂಡಿಲ್ಲ ಅಂತಲೇ ಅರ್ಥ.

ದೂರು ಕೊಟ್ಟವರು ಸೀರೆ ಮಾರುವ ಇನ್ನೊಂದು ಸಣ್ಣ ಅಂಗಡಿಯವರು. ದೂರಿನ ಜೊತೆ ಅವರು ಕಳಿಸಿದ್ದ ಮೂಲ ಫೋಟೊ ನೋಡಿದ ಕ್ಷಣ ಮುಖ ಬಿಸಿಯಾಯಿತು. ನಮ್ಮಲ್ಲಿದ್ದದ್ದು ಚೌಕಾಕಾರಕ್ಕೆ ಕತ್ತರಿಸಿದ ಚಿತ್ರ. ಅವರದ್ದು ಉದ್ದದ ಚಿತ್ರ, ಕೆಳಗಡೆ ಎಡ ಮೂಲೆಯಲ್ಲಿ ಅವರ ಅಂಗಡಿಯ ಹೆಸರು. ಸೆರಗಿನ ಅದೇ ಮಡಿಕೆ, ಗೋಡೆಯಲ್ಲಿ ಅದೇ ಮೊಳೆ. ಜೊತೆಗೆ ಅದೇ ಸೀರೆಯನ್ನು ಬೇರೆ ಬೇರೆ ಕೋನದಲ್ಲಿ ತೆಗೆದ ಫೋಟೊಗಳು. ವಾದಿಸಲು ಏನೂ ಉಳಿದಿರಲಿಲ್ಲ.

ವ್ಯಾಪಾರಿಗೆ ಫೋನ್ ಮಾಡಿದರೆ ಮೊದಲು ‘ಏನೂ ಆಗಂಗಿಲ್ಲ ಬಿಡ್ರಿ’. ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ‘ನಮಗೂ ಮ್ಯಾಲಿಂದ ಬಂದಾವ್ರಿ, ನಾವೇನ್ ಮಾಡೋಣ’. ಮೊದಲು ‘ನಮ್ಮವು’ ಅಂದಿದ್ದಿರಲ್ಲ ಅಂದದ್ದಕ್ಕೆ ‘ಸೀರೆ ನಮ್ಮವು ಅಂದಿದ್ದೆರಿ’. ಕೊನೆಗೆ ಕೊಟ್ಟ ಸಲಹೆ: ‘ಬಣ್ಣ ಸ್ವಲ್ಪ ಬದಲಿಸಿ, ಉಲ್ಟಾ ತಿರುಗಿಸಿ ಮತ್ತ ಹಾಕ್ರಿ.’ ಇದನ್ನು ಯಾರೂ ಮಾಡಬೇಡಿ. ತಿರುಗಿಸಿದರೂ, ಕತ್ತರಿಸಿದರೂ, ಹಿನ್ನೆಲೆ ಬದಲಿಸಿದರೂ ಅದು ಅವರ ಫೋಟೊದ ನಕಲೇ. ‘ಕೃಪೆ: ಇಂಟರ್ನೆಟ್’ ಅಂತ ಬರೆದರೂ ಅನುಮತಿ ಆಗುವುದಿಲ್ಲ. ಹೆಸರು ಅಳಿಸುವುದು ಇನ್ನೂ ಕೆಟ್ಟದ್ದು. ಹಕ್ಕುದಾರರ ಗುರುತನ್ನು ಗೊತ್ತಿದ್ದೂ ತೆಗೆದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 65ಬಿ ಸೆಕ್ಷನ್‌ನಲ್ಲಿ ಅದೇ ಬೇರೆ ಅಪರಾಧ, ಎರಡು ವರ್ಷದವರೆಗೆ ಜೈಲು ಇದೆ. ಗೊತ್ತಿದ್ದೂ ಬೇರೆಯವರ ಕೃತಿ ನಕಲು ಮಾಡಿ ವ್ಯಾಪಾರ ಮಾಡಿದರೆ 63ನೇ ಸೆಕ್ಷನ್: ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಸಣ್ಣ ಮಾರಾಟಗಾರರ ವಿಷಯ ಹೆಚ್ಚಾಗಿ ಅಲ್ಲಿಯವರೆಗೆ ಹೋಗುವುದಿಲ್ಲ, ಲಿಸ್ಟಿಂಗ್ ತೆಗೆಸುವುದು ಮತ್ತು ಪರಿಹಾರ ಕೇಳುವುದರಲ್ಲಿ ನಿಲ್ಲುತ್ತದೆ. ಆದರೆ ನೋಟಿಸ್ ಬಂದ ಮೇಲೂ ಮತ್ತೆ ಹಾಕಿದರೆ ‘ಗೊತ್ತಿರಲಿಲ್ಲ’ ಅನ್ನುವ ಮಾತಿಗೆ ಬೆಲೆ ಇರುವುದಿಲ್ಲ.

ಹಾಗಾದರೆ ಫೋಟೊ ಯಾರದ್ದು? ಕಾಯ್ದೆಯ ಪ್ರಕಾರ ತೆಗೆದವರದ್ದು. ನೋಂದಣಿ ಬೇಕಿಲ್ಲ, ಅದರ ಮೇಲೆ ಹೆಸರೂ ಬೇಕಿಲ್ಲ. ಹಣ ಕೊಟ್ಟು ಫೋಟೊಗ್ರಾಫರ್‌ನಿಂದ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವರದ್ದು. ಸ್ನೇಹಕ್ಕೆ ಪುಕ್ಕಟೆ ತೆಗೆದುಕೊಟ್ಟಿದ್ದರೆ ಹಕ್ಕು ತೆಗೆದವರಲ್ಲೇ ಉಳಿಯುತ್ತದೆ, ಇದನ್ನೂ ನೆನಪಿಡಿ. ಹಕ್ಕೇ ಇಲ್ಲದ ವ್ಯಾಪಾರಿ ‘ಹಾಕ್ಕೋರಿ’ ಅಂತ ನೂರು ಸಲ ಹೇಳಿದರೂ ಅದು ಅನುಮತಿಯಲ್ಲ. ತನ್ನದಲ್ಲದ್ದನ್ನು ಆತ ಕೊಡುವುದಾದರೂ ಹೇಗೆ?

ಆದ್ದರಿಂದ ಫೋಟೊ ಕಳಿಸಿದವರಿಗೆ ಎರಡು ವಿಷಯ ಕೇಳಿ. ಒಂದು, ಮೂಲ ಫೈಲನ್ನು ವಾಟ್ಸಾಪಿನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ಫೋಟೊ ಆಗಿ ಕಳಿಸಿದರೆ ತೆಗೆದ ದಿನ, ಕ್ಯಾಮೆರಾ ವಿವರ ಅಳಿಸಿಹೋಗುತ್ತವೆ. ಎರಡು, ಅದೇ ಸೀರೆಯ, ಆ ಫೋಟೊಗೆ ಮೊದಲು ಮತ್ತು ನಂತರ ತೆಗೆದ ಶಾಟ್‌ಗಳನ್ನು ಕೇಳಿ. ತೆಗೆದವರ ಬಳಿ ಯಾವಾಗಲೂ ನಾಲ್ಕಾರು ಇರುತ್ತವೆ, ಎತ್ತಿಕೊಂಡವರ ಬಳಿ ಒಂದೇ. ಜೊತೆಗೆ ನೀವೇ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಇನ್ನೂ ದೊಡ್ಡ, ಕತ್ತರಿಸದ ಚಿತ್ರ ಬೇರೆಡೆ ಸಿಕ್ಕರೆ ಅಲ್ಲಿಗೆ ಬಿಟ್ಟುಬಿಡಿ. ನಮ್ಮ 22ರಲ್ಲಿ ಮೊದಲನೆಯದನ್ನೇ ಹುಡುಕಿದ್ದರೂ ಸಾಕಿತ್ತು, ಎರಡು ನಿಮಿಷದ ಕೆಲಸ.

ನಿಜವಾದ ಹಕ್ಕುದಾರರು ಸಿಕ್ಕರೆ ಲಿಖಿತ ಅನುಮತಿ ಪಡೆಯಿರಿ, ಪರವಾನಗಿ ಬರವಣಿಗೆಯಲ್ಲಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಹೀಗೆ ಬರೆಸಿಕೊಳ್ಳಿ: ‘ಜೊತೆಗಿರುವ ಈ ಫೋಟೊಗಳನ್ನು ನಾವೇ ತೆಗೆಸಿದ್ದು, ಹಕ್ಕು ನಮ್ಮದು. ಇಂಥವರು ತಮ್ಮ ಆನ್‌ಲೈನ್ ಅಂಗಡಿಯಲ್ಲಿ ಮತ್ತು ಜಾಹೀರಾತಿನಲ್ಲಿ, ಭಾರತ ಮತ್ತು ಹೊರದೇಶಗಳಲ್ಲಿ, ಇಂಥ ದಿನಾಂಕದವರೆಗೆ ಬಳಸಬಹುದು, ಗಾತ್ರಕ್ಕೆ ತಕ್ಕಂತೆ ಕತ್ತರಿಸಬಹುದು.’ ಅವಧಿ ಬರೆಯದಿದ್ದರೆ ಐದು ವರ್ಷ, ಸ್ಥಳ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಅಮೆರಿಕದ ಕನ್ನಡಿಗರಿಗೆ ಸೀರೆ ಕಳಿಸುವವರು ಸ್ಥಳ ಬರೆಸದೆ ಬಿಡಬೇಡಿ. ಸೀರೆ ಉಟ್ಟ ಹೆಣ್ಣುಮಗಳ ಮುಖ ಕಾಣುತ್ತಿದ್ದರೆ ಆಕೆಯ ಒಪ್ಪಿಗೆ ಪತ್ರವೂ ಬೇಕು. ಫೋಟೊಗ್ರಾಫರ್‌ನ ಒಪ್ಪಿಗೆಯಿಂದ ಅದು ಬರುವುದಿಲ್ಲ.

ಗೂಗಲಲ್ಲಿ ಸಿಕ್ಕ ಚಿತ್ರ ಪುಕ್ಕಟೆ ಅಲ್ಲ. ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿ ಇದ್ದರೂ ‘NC’, ಅಂದರೆ ನಾನ್-ಕಮರ್ಷಿಯಲ್, ಅಂತಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ.

ನಿಜ ಹೇಳಬೇಕೆಂದರೆ ಕೈಮಗ್ಗದ ಸೀರೆಗೆ ಬೇರೆಯವರ ಫೋಟೊ ಹೊಂದುವುದೇ ಇಲ್ಲ. ಒಂದೇ ಮಗ್ಗದ ಎರಡು ಸೀರೆಯ ಬಣ್ಣವೇ ಹೊಂದುವುದಿಲ್ಲ. ಫೋಟೊದಲ್ಲಿ ತೋರಿಸಿದಂತೆ ಸರಕು ಇಲ್ಲದಿದ್ದರೆ ವಾಪಸ್ ತಗೊಳ್ಳಲೇಬೇಕು, 2020ರ ಇ-ಕಾಮರ್ಸ್ ನಿಯಮ ಇದೆ. ನೀವೇ ತೆಗೆಯಿರಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಬಿಳಿ ಗೋಡೆಗೆ ಕೋಲು ಕಟ್ಟಿ ಸೀರೆ ಇಳಿಬಿಡಿ. ಕಿಟಕಿಯ ಎದುರು ಬದಿಗೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ನೆರಳಿನ ಕಡೆಯೂ ಬೆಳಕಾಗುತ್ತದೆ. ಟ್ಯೂಬ್‌ಲೈಟ್ ಆರಿಸಲೇಬೇಕು. ಎರಡು ಬೆಳಕು ಬೆರೆತರೆ ಸೀರೆಯ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಹೊಡೆಯುತ್ತದೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಹಿಂದೆ ಸರಿದು 2x ಜೂಮ್‌ನಲ್ಲಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಅಂಚು ಬಾಗುತ್ತದೆ. ಇಳಕಲ್ ಕೆಂಪನ್ನು ಫೋನು ಬೇಕಾದ್ದಕ್ಕಿಂತ ಗಾಢ ಮಾಡುತ್ತದೆ. ಸೀರೆಯನ್ನು ಫೋನಿನ ಪಕ್ಕದಲ್ಲಿಟ್ಟು ಹೋಲಿಸಿ ಬಣ್ಣ ತಗ್ಗಿಸಿ. ಪ್ರತಿ ಸೀರೆಗೆ ಪೂರ್ತಿ ನೋಟ, ಸೆರಗು, ದಡಿ, ಮತ್ತು ತಪ್ಪದೇ ಒಡಲಿನ ಹಾಸುನೂಲು ಸೆರಗಿನ ಹಾಸುನೂಲಿಗೆ ಕೊಂಡಿಯಿಂದ ಸೇರುವ ಜಾಗದ ಹತ್ತಿರದ ಫೋಟೊ. ತಿಳಿದವರು ಮೊದಲು ನೋಡುವುದೇ ಆ ಕೊಂಡಿಯನ್ನು, ಹೋಲ್‌ಸೇಲ್ ಫೋಟೊಗಳಲ್ಲಿ ಅದು ಇರುವುದೇ ಇಲ್ಲ. ಮೂಲ ಫೈಲುಗಳನ್ನು ಅಳಿಸಬೇಡಿ. ನಾಳೆ ನಿಮ್ಮ ಫೋಟೊ ಕದ್ದರೆ ಅವೇ ನಿಮ್ಮ ಸಾಕ್ಷಿ.

ದೂರು ಕೊಟ್ಟವರಿಗೆ ಕ್ಷಮೆ ಕೇಳಿ, ಎಲ್ಲ ಕಡೆಯಿಂದ ಅವರ ಫೋಟೊ ತೆಗೆದುಹಾಕಿ, ಹಾಗಂತ ಬರೆದು ತಿಳಿಸಿದ ಮೇಲೆ ಅವರು ದೂರು ವಾಪಸ್ ತಗೊಂಡರು. ಆ ದೊಡ್ಡ ಮನಸ್ಸು ಅವರದ್ದು. ಹಬ್ಬದ ವ್ಯಾಪಾರ ಮಾತ್ರ ಹೋಯಿತು. ಆ ವ್ಯಾಪಾರಿ ನಮ್ಮನ್ನು ಗ್ರೂಪಿನಿಂದ ತೆಗೆದಿದ್ದಾರೆ. ಅದೇ 22 ಫೋಟೊ ಈಗಲೂ ಅಲ್ಲಿ ಓಡಾಡುತ್ತಿವೆ ಅಂತ ಗ್ರೂಪಿನಲ್ಲಿರುವವರೇ ಹೇಳಿದರು. ಬಿಳಿ ಗೋಡೆ, ಬಲಗಡೆ ಒಂದು ಮೊಳೆ, ಚೌಕಾಕಾರ, ಕೆಳಗಿನ ಅಂಚು ಅರ್ಧಕ್ಕೆ ಕತ್ತರಿಸಿದ ಚಿತ್ರ. ಬಂದರೆ ಮುಟ್ಟಬೇಡಿ.