ಸಿಂಕಿನಿಂದ ಚೇಂಬರ್‌ಗೆ 6 ಮೀಟರ್ ಅಡ್ಡ ಪೈಪ್: 75 ಎಂಎಂ ಎಸ್‌ಡಬ್ಲ್ಯುಆರ್ ಲೈನ್, ವರ್ಷಗಳ ಬಳಕೆಯ ನಂತರ

ಅಡುಗೆಮನೆ ಮುಂದೆ, ಚೇಂಬರ್ ಹಿಂದಿನ ಮೂಲೆಯಲ್ಲಿ. ನಡುವೆ ಮನೆ ಪಕ್ಕದ ಓಣಿಯಲ್ಲಿ ಗೋಡೆಗುಂಟ 6 ಮೀಟರ್ ಎಸ್‌ಡಬ್ಲ್ಯುಆರ್ ಪೈಪ್, ಅಂದರೆ ಕೊಳೆನೀರು, ಮಳೆನೀರಿಗೆಂದು ಮಾಡುವ ಪಿವಿಸಿ ಪೈಪ್. ಇಂಥ ಲೈನ್ ಬ್ಲಾಕ್ ಆಗುವುದಕ್ಕೆ ಮುಖ್ಯ ಕಾರಣ ಎಣ್ಣೆ. ಒಗ್ಗರಣೆ ಬಾಣಲೆ, ತುಪ್ಪದ ಪಾತ್ರೆ ತೊಳೆದ ನೀರು ಸಿಂಕಿನಲ್ಲಿ ಬಿಸಿಯಾಗಿರುತ್ತದೆ, ಎರಡು ಮೂರು ಮೀಟರ್ ಹೋಗುವಷ್ಟರಲ್ಲಿ ತಣ್ಣಗಾಗಿ ಜಿಡ್ಡು ಪೈಪಿನ ಒಳಮೈಗೆ ಅಂಟುತ್ತದೆ. ಅದರ ಮೇಲೆ ಅನ್ನದ ಗಂಜಿ, ದೋಸೆ ಹಿಟ್ಟು, ತೆಂಗಿನ ಚರಟ ಕೂರುತ್ತವೆ. ಕುದಿಯುವ ನೀರು ಸುರಿದರೆ ಜಿಡ್ಡು ಕರಗಿ ಹೋದಂತೆ ಕಾಣುತ್ತದೆ, ನಿಜಕ್ಕೂ ಅದು ಇನ್ನೂ ಮುಂದಕ್ಕೆ ಹೋಗಿ ಕೈಗೆಟುಕದ ಜಾಗದಲ್ಲಿ ಗಟ್ಟಿಯಾಗುತ್ತದೆ. ಪದೇ ಪದೇ ಸುರಿದರೆ ಪಿವಿಸಿಯೂ ಮೆತ್ತಗಾಗಿ ಬಾಗುತ್ತದೆ.

ಅಳತೆಯ ವಿಷಯದಲ್ಲಿ 75 ಎಂಎಂ ಸರಿಯಾದ ಆಯ್ಕೆ. ಇಷ್ಟು ಉದ್ದಕ್ಕೆ 50 ಎಂಎಂ ಬೇಗ ಮುಚ್ಚಿಕೊಳ್ಳುತ್ತದೆ. 110 ಹಾಕಿದರೆ ಇನ್ನೂ ಒಳ್ಳೆಯದು ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸಿಂಕಿನಿಂದ ಬರುವ ಅಲ್ಪ ನೀರು ಅಗಲ ಪೈಪಿನ ತಳದಲ್ಲಿ ತೆಳ್ಳಗೆ ಹರಿದು ಹಿಟ್ಟನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಕೊಳ್ಳುವಾಗ ಟೈಪ್ ಬಿ ಎಂದು ಕೇಳಿ, ಟೈಪ್ ಎ ತೆಳು, ಮಳೆನೀರಿನ ಪೈಪಿಗೆ ಸಾಕು.

ಇಳಿಜಾರು ಮೀಟರಿಗೆ 2 ಸೆಂ.ಮೀ., ಅಂದರೆ 6 ಮೀಟರಿಗೆ 12 ಸೆಂ.ಮೀ. ನೀರು ತುಂಬಿದ ಲೆವೆಲ್ ಟ್ಯೂಬ್ ಹಿಡಿದು ಗೋಡೆಯ ಎರಡೂ ತುದಿಯಲ್ಲಿ ಸಮಮಟ್ಟದ ಗುರುತು ಹಾಕಿ, ಚೇಂಬರ್ ಕಡೆಯ ಗುರುತಿನಿಂದ 12 ಸೆಂ.ಮೀ. ಕೆಳಗಿಳಿದು ದಾರ ಕಟ್ಟಬೇಕು. ಕ್ಲ್ಯಾಂಪ್‌ಗಳು ಆ ದಾರಕ್ಕೆ ಸರಿಯಾಗಿ ಮುಕ್ಕಾಲು ಮೀಟರಿಗೊಂದರಂತೆ ಬರಬೇಕು. ಇಲ್ಲಿ ಉಳಿತಾಯ ಮಾಡಲು ಹೋಗಿ ಎರಡು ಮೀಟರಿಗೊಂದು ಹೊಡೆದರೆ ಒಟ್ಟು ಇಳಿಜಾರು ಸರಿಯಿದ್ದರೂ ನಡುವೆ ಪೈಪ್ ಜೋತುಬೀಳುತ್ತದೆ. ಆ ತಗ್ಗಿನಲ್ಲಿ ಸದಾ ನೀರು ನಿಂತು, ಬ್ಲಾಕ್ ಅಲ್ಲಿಂದಲೇ ಶುರುವಾಗುತ್ತದೆ. ಚೇಂಬರಿನಲ್ಲಿ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿರಲಿ. ಮುಳುಗಿದ್ದರೆ ತೇಲುವ ಜಿಡ್ಡು ಬಾಯನ್ನೇ ಕಟ್ಟುತ್ತದೆ.

ಈ ಲೈನಿನಲ್ಲಿ ನನಗೆ ಅತಿ ಹೆಚ್ಚು ಬೆಲೆಬಾಳುವ ಭಾಗ ಸ್ವಚ್ಛಗೊಳಿಸಲು ತೆರೆಯುವ ಬಾಯಿಗಳು. ಪೈಪ್ ಗೋಡೆಯಿಂದ ಹೊರಬಂದು ಓಣಿಗುಂಟ ತಿರುಗುವಲ್ಲಿ 90 ಡಿಗ್ರಿ ಬೆಂಡ್ ಬೇಡ. 45 ಡಿಗ್ರಿ ಬೆಂಡ್ ಮತ್ತು ಮೂರು ಬಾಯಿಯ ವೈ ಜೋಡಣೆ ಹಾಕಿ, ವೈಯ ಹಿಂದಿನ ನೇರ ಬಾಯಿಗೆ ಮುಚ್ಚಳ ಕೊಟ್ಟರೆ ಬ್ಲಾಕ್ ಬಿಡಿಸುವ ಉದ್ದನೆಯ ಸ್ಪ್ರಿಂಗ್ ಯಾವ ತಿರುವೂ ಇಲ್ಲದೆ ಪೈಪಿನೊಳಗೆ ನೇರ ಹೋಗುತ್ತದೆ. ಎರಡನೆಯದು 3 ಮೀಟರಿನ ಬಳಿ ಡೋರ್ ಟೀ, ಬಾಗಿಲು ಮೇಲ್ಮುಖವಾಗಿ. ಕೆಳಮುಖವಾಗಿದ್ದರೆ ತೆರೆದಾಗ ಕೊಳೆನೀರು ಮೈಮೇಲೆ ಬೀಳುತ್ತದೆ. ಮೂರನೆಯದು ಚೇಂಬರಿನ ಬಾಯಿಯೇ.

ಬ್ಲಾಕ್ ಎಲ್ಲಿದೆ ಎಂದು ಒಡೆಯದೆಯೇ ತಿಳಿಯಬಹುದು. ತುಂಬಿದ 75 ಎಂಎಂ ಪೈಪ್ ಮೀಟರಿಗೆ ಸುಮಾರು 4 ಲೀಟರ್ ನೀರು ಹಿಡಿಯುತ್ತದೆ. ಸಿಂಕಿನಲ್ಲಿ ನಿಂತ ನೀರು ಇಳಿದು ಪೈಪೂ ಖಾಲಿಯಾಗುವವರೆಗೆ ಕಾದು, ಆಮೇಲೆ ಚೊಂಬಿನಿಂದ ಅಳೆದು ಸುರಿಯಿರಿ. 8 ಲೀಟರಿಗೆ ಸಿಂಕಿನಲ್ಲಿ ಮೇಲೆ ಬಂದರೆ ಬ್ಲಾಕ್ ಓಣಿ ಲೈನಿನ ಸುಮಾರು 2 ಮೀಟರಿನಲ್ಲಿದೆ. ಆಗ 3 ಮೀಟರಿನ ಡೋರ್ ಒಣಗಿರುತ್ತದೆ, ಅದನ್ನು ತೆರೆದು ಸ್ಪ್ರಿಂಗನ್ನು ಹಿಂದಕ್ಕೆ ತಳ್ಳುವುದು ಸುಲಭ. ಒಂದು ಲೀಟರಿಗೇ ಮೇಲೆ ಬಂದರೆ ಲೈನನ್ನು ಮುಟ್ಟಬೇಡಿ, ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪ್ ಬಿಚ್ಚಿ. ಬ್ಲಾಕ್ ಪೂರ್ತಿಯಾಗಿರದೆ ನೀರು ಸೋರುತ್ತಿದ್ದರೆ ಲೆಕ್ಕ ನಿಜಕ್ಕಿಂತ ದೂರ ತೋರಿಸುತ್ತದೆ, ಆದ್ದರಿಂದ ಬೇಗ ಬೇಗ ಸುರಿಯಬೇಕು.

ಬ್ಲಾಕ್ ಬಿಡಿಸಲು ಸುರಿಯುವ ಕಾಸ್ಟಿಕ್ ಪುಡಿಯನ್ನು ನಾನು ಸಲಹೆ ಮಾಡುವುದಿಲ್ಲ. ಅದು ಜಿಡ್ಡಿನೊಡನೆ ಸೇರಿ ಸೋಪಿನಂಥ ಗಟ್ಟಿ ಉಂಡೆಯಾಗಬಹುದು, ನೀರಿಗೆ ಬಿದ್ದಾಗ ಏಳುವ ಬಿಸಿ ಪಿವಿಸಿಗೂ ಒಳ್ಳೆಯದಲ್ಲ. ಅದನ್ನು ಸುರಿದ ಮೇಲೆ ಡೋರ್ ತೆರೆಯುವವರ ಕಣ್ಣು, ಕೈಗೆ ಅಪಾಯ.

ಈ ಪೈಪಿನ ಕೊರತೆಗಳೂ ಇವೆ. ಡೋರಿನ ರಬ್ಬರ್ ವಾಷರ್ ಕಾಲಕ್ರಮೇಣ ಗಟ್ಟಿಯಾಗಿ ಜಿನುಗುತ್ತದೆ, ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ತಿರುಗುವುದಿಲ್ಲ. ಮೊದಲೇ ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಒಂದು ವಾಷರ್ ಜೊತೆಗಿಟ್ಟುಕೊಳ್ಳಿ. ಬಿಸಿಲು ನೇರವಾಗಿ ಬೀಳುವಲ್ಲಿ ಪೈಪ್ ಪೆಡಸಾಗುತ್ತದೆ, ಬಣ್ಣ ಬಳಿದರೆ ಬಾಳಿಕೆ ಹೆಚ್ಚು. ರಬ್ಬರ್ ರಿಂಗಿನ ಜೋಡಣೆಗೆ ಎಣ್ಣೆ ಹಚ್ಚದೆ ಸೋಪಿನ ನೀರು ಬಳಸಿ. ಪೈಪನ್ನು ಕೊನೆವರೆಗೆ ತಳ್ಳಿ 10 ಎಂಎಂ ಹಿಂದಕ್ಕೆಳೆಯಿರಿ, ಬಿಸಿಲಿಗೆ ಹಿಗ್ಗಲು ಜಾಗ ಬೇಕು. ಬಾಟಲ್ ಟ್ರ್ಯಾಪಿನಿಂದ ಗೋಡೆಯವರೆಗೆ ಸುಕ್ಕುಸುಕ್ಕಿನ ಫ್ಲೆಕ್ಸಿಬಲ್ ಪೈಪ್ ಬೇಡ, ಪ್ರತಿ ಸುಕ್ಕಿನಲ್ಲೂ ಜಿಡ್ಡು ನಿಲ್ಲುತ್ತದೆ.