ಅಂಚಿನ ಮೊಣಕೈ: ಕತ್ತರಿಸುವುದೇ, ಅಳಿಸುವುದೇ?

ಬದಿಯಡ್ಕದ ಗೃಹಪ್ರವೇಶವೊಂದರ ಫೋಟೋ. ಮನೆಯವರು ಮುರಕಲ್ಲಿನ ಗೋಡೆಯ ಮುಂದೆ ಸಾಲಾಗಿ ನಿಂತಿದ್ದಾರೆ. ಎಡ ಅಂಚಿನಲ್ಲಿ ಯಾರದೋ ಮೊಣಕೈ, ಬಲ ಅಂಚಿನಲ್ಲಿ ಅರ್ಧ ಮಾತ್ರ ಕಾಣುವ ಅಡುಗೆ ಭಟ್ಟರು.

ಮೊಣಕೈಗೂ ದೊಡ್ಡಮ್ಮನ ಭುಜಕ್ಕೂ ನಡುವೆ ಗೋಡೆ ಕಾಣುತ್ತಿದೆ. ಹಾಗಾಗಿ ಇಲ್ಲಿ ಕ್ರಾಪ್ ಸಾಕು. 6×4 ಇಂಚಿನ ಒಳ್ಳೆಯ ಮುದ್ರಣಕ್ಕೆ 1800×1200 ಪಿಕ್ಸೆಲ್ ಬೇಕು. ಮೊಬೈಲಿನ 4000×3000ರಲ್ಲಿ ಕತ್ತರಿಸಲು ಧಾರಾಳ ಜಾಗವಿದೆ. ಆದರೆ ಮೊದಲೇ 3:2 ಅನುಪಾತಕ್ಕೆ ಕತ್ತರಿಸಿಕೊಳ್ಳಿ. ಇಲ್ಲವಾದರೆ ಮುದ್ರಿಸುವಾಗ ಮೇಲಿನ ಅಂಚು ಹೋಗಿ, ಎತ್ತರದ ಭಾವನ ತಲೆಗೇ ಕುತ್ತು ಬರುತ್ತದೆ.

ಭಟ್ಟರ ಕಡೆ ಕ್ರಾಪ್ ನಡೆಯದು, ಪಕ್ಕದ ಹುಡುಗಿಯ ತೋಳೂ ತುಂಡಾಗುತ್ತದೆ. ಅಳಿಸಲೇಬೇಕು. ಹೀಲಿಂಗ್ ಬ್ರಷ್ ಅಕ್ಕಪಕ್ಕದ ಬಣ್ಣವನ್ನು ಬೆರೆಸುವುದರಿಂದ ಲಂಗದ ಹಸಿರು ಗೋಡೆಗೆ ಹಬ್ಬುತ್ತದೆ. ತೋಳಿನ ಗಡಿಯುದ್ದಕ್ಕೂ ಮೊದಲು, ಚಿತ್ರದ ಒಂದು ಕಡೆಯದನ್ನು ಇನ್ನೊಂದು ಕಡೆಗೆ ಹಾಗೆಯೇ ನಕಲು ಮಾಡುವ ಕ್ಲೋನ್ ಸ್ಟ್ಯಾಂಪ್ ಬಳಸಿ, ಗಡಿಯಿಂದ ದೂರದಲ್ಲಿ ಮಾತ್ರ ಹೀಲಿಂಗ್. ಕ್ಲೋನಿನ ಮೂಲಬಿಂದುವನ್ನು ಕಲ್ಲುಗಳ ನಡುವಿನ ಗಾರೆಗೆರೆಯ ಮೇಲಿಟ್ಟು, ಅದೇ ಸಾಲಿನ ಗೆರೆಯಿಂದಲೇ ಬಳಿಯಲು ಶುರುಮಾಡಿ. ಗೆರೆ ಮುರಿದರೆ ಕಳ್ಳತನ ತಕ್ಷಣ ಗೊತ್ತಾಗುತ್ತದೆ. ನೆಲದ ಮೇಲಿನ ಭಟ್ಟರ ನೆರಳನ್ನೂ ಮರೆಯಬೇಡಿ.

ಅವರ ಕೈ ಹುಡುಗಿಯ ಹೆಗಲ ಮೇಲಿದ್ದರೆ? ನನ್ನ ಮಟ್ಟಿಗೆ, ಭಟ್ಟರೂ ಚಿತ್ರದಲ್ಲಿರಲಿ.